ನೂರು ಡಾಲರಿನ ವಸ್ತು ಮನೆ ಬಾಗಿಲಿಗೆ ಬರುವಾಗ ಎಷ್ಟಾಗುತ್ತದೆ?

ಕೈಯಲ್ಲಿ ತಿರುಗಿಸುವ ಒಳ್ಳೆಯ ಕಾಫಿ ಗ್ರೈಂಡರ್ ಒಂದನ್ನು ಅಮೆರಿಕದ ಮಾರಾಟಗಾರರೊಬ್ಬರು 100 ಡಾಲರಿಗೆ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಡಾಲರಿಗೆ 90 ರೂಪಾಯಿಯಂತೆ ಮನಸ್ಸಿನಲ್ಲೇ ಗುಣಿಸಿದರೆ 9,000 ರೂಪಾಯಿ. ಇಲ್ಲಿನ ಅಂಗಡಿಯಲ್ಲಿ ಅದೇ ಗ್ರೈಂಡರ್‌ಗೆ 15,500 ಕೇಳುತ್ತಿದ್ದಾರೆ. ಆರೂವರೆ ಸಾವಿರ ಉಳಿಯಿತು ಎಂದು ಖುಷಿಯಾಗುವುದು ಸಹಜ. ಆದರೆ ಪೂರ್ತಿ ಲೆಕ್ಕ ಹಾಕಿದರೆ ಇಲ್ಲಿನ ಅಂಗಡಿಯೇ ಅಗ್ಗವೆಂದು ತೋರಬಹುದು. ಹೇಗೆಂಬುದನ್ನು ಇದೇ ಗ್ರೈಂಡರ್ ಇಟ್ಟುಕೊಂಡು ಪೈಸೆ ಪೈಸೆಯಾಗಿ ನೋಡೋಣ.

ಮೊದಲು ತಿಳಿಯಬೇಕಾದದ್ದು ಒಂದೇ. ನಿಮ್ಮ ಹಣವನ್ನು ಮೂವರು ಬೇರೆ ಬೇರೆಯಾಗಿ ಪಡೆಯುತ್ತಾರೆ: ಮಾರಾಟಗಾರ, ಬ್ಯಾಂಕು, ಕೊನೆಗೆ ಕಸ್ಟಮ್ಸ್ ಪರವಾಗಿ ಕೊರಿಯರ್ ಅಥವಾ ಅಂಚೆಯವರು. ಮೂವರೂ ಬೇರೆ ಬೇರೆ ದಿನದ ವಿನಿಮಯ ದರದಲ್ಲಿ, ಬೇರೆ ಬೇರೆ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಒಟ್ಟು ಮೊತ್ತವನ್ನು ಮುಂಚಿತವಾಗಿ ಕೂಡಿ ನೋಡುವ ಕೆಲಸ ಕೊಳ್ಳುವವರದ್ದೇ.

ಮಾರಾಟಗಾರ ತೋರಿಸುವ ಬೆಲೆ

ತಾಣದ ಮೊದಲ ಪುಟದಲ್ಲಿರುವ ಬೆಲೆಯನ್ನು ನಂಬಬೇಡಿ. ವಸ್ತುವನ್ನು ಕಾರ್ಟ್‌ಗೆ ಹಾಕಿ, ನಿಮ್ಮ ವಿಳಾಸವನ್ನು ಪಿನ್‌ಕೋಡ್ ಸಮೇತ ತುಂಬಿ, ಹಣ ಕಟ್ಟುವ ಪುಟದವರೆಗೂ ಹೋಗಿ ನೋಡಿ. ಅಲ್ಲಿ ಎರಡು ಬದಲಾವಣೆ ಕಾಣಬಹುದು. ಒಂದು, ಸಾಗಣೆ ವೆಚ್ಚ ಸೇರುತ್ತದೆ. ಇನ್ನೊಂದು ನಮಗೆ ಲಾಭದ್ದು. ಬ್ರಿಟನ್ ಮತ್ತು ಯುರೋಪಿನ ತಾಣಗಳು ತೋರಿಸುವ ಬೆಲೆಯಲ್ಲಿ ಅಲ್ಲಿನ ವ್ಯಾಟ್ ಸೇರಿರುತ್ತದೆ. ಬ್ರಿಟನ್‌ನಲ್ಲಿ ಅದರ ಸಾಮಾನ್ಯ ದರ 20%, ಜರ್ಮನಿಯಲ್ಲಿ 19%. ವಸ್ತು ಭಾರತಕ್ಕೆ ರಫ್ತಾಗುವುದರಿಂದ ಆ ತೆರಿಗೆಯನ್ನು ಕಳೆದು ಮಾರಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಹಾಗೆ ಮಾಡುವ ತಾಣದಲ್ಲಿ 120 ಪೌಂಡಿನ ವಸ್ತು ಭಾರತದ ವಿಳಾಸ ಹಾಕಿದೊಡನೆ 100 ಪೌಂಡಿಗೆ ಇಳಿಯುತ್ತದೆ. ಸಣ್ಣ ಮಾರಾಟಗಾರರಲ್ಲಿ ಕೆಲವರು ಈ ಕಡಿತ ಕೊಡುವುದಿಲ್ಲ. ಬೆಲೆ ಇಳಿಯದಿದ್ದರೆ ಕೊಳ್ಳುವ ಮುನ್ನವೇ ಒಂದು ಇಮೇಲ್ ಬರೆದು ಕೇಳಿ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ವ್ಯಾಟ್ ಸೇರಿದ ಬೆಲೆಯೇ ಬಿಲ್ಲಿನಲ್ಲಿ ನಮೂದಾದರೆ ನಮ್ಮ ಕಸ್ಟಮ್ಸ್ ಸುಂಕವೂ ಅದೇ ಹೆಚ್ಚಿನ ಮೊತ್ತದ ಮೇಲೆ ಬೀಳುತ್ತದೆ. ಅಂದರೆ ಬೇರೆ ದೇಶದ ತೆರಿಗೆಗೆ ನಾವಿಲ್ಲಿ ತೆರಿಗೆ ಕಟ್ಟಿದಂತಾಗುತ್ತದೆ.

ಅಮೆರಿಕದಲ್ಲಿ ಈ ತೊಡಕಿಲ್ಲ. ಅಲ್ಲಿ ತೋರಿಸುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮ ಗ್ರೈಂಡರ್‌ಗೆ 100 ಡಾಲರ್, ವಿಮಾನದಲ್ಲಿ ಸಾಗಿಸಲು 24 ಡಾಲರ್, ಒಟ್ಟು 124 ಡಾಲರ್ ಎಂದುಕೊಳ್ಳೋಣ.

ಹಣ ಕಟ್ಟುವ ಪುಟದಲ್ಲಿ ಇನ್ನೊಂದು ಸಂಗತಿಯನ್ನು ಹುಡುಕಬೇಕು. ಆಮದು ಸುಂಕ ಈ ಮೊತ್ತದಲ್ಲಿ ಸೇರಿದೆಯೋ ಇಲ್ಲವೋ? ಕೆಲವು ದೊಡ್ಡ ತಾಣಗಳು ಅಂದಾಜು ಸುಂಕವನ್ನು ಠೇವಣಿಯಂತೆ ಆಗಲೇ ಪಡೆದುಕೊಳ್ಳುತ್ತವೆ. ಸುಂಕ ಸೇರಿಸಿ ಕಳುಹಿಸುವ ಈ ಕ್ರಮಕ್ಕೆ ವ್ಯಾಪಾರದವರು ಡಿಡಿಪಿ ಎನ್ನುತ್ತಾರೆ. ಸುಂಕವನ್ನು ಪಡೆಯುವವರೇ ಕಟ್ಟಬೇಕಾದ ಕ್ರಮಕ್ಕೆ ಡಿಡಿಯು ಅಥವಾ ಡಿಎಪಿ ಎಂಬ ಹೆಸರಿದೆ. ಎಲ್ಲಿಯೂ ಏನೂ ಬರೆದಿಲ್ಲವಾದರೆ ಸುಂಕ ಸೇರಿಲ್ಲ ಎಂದೇ ತಿಳಿಯಿರಿ. "ಫ್ರೀ ಶಿಪ್ಪಿಂಗ್" ಎಂಬುದಕ್ಕೂ ಸುಂಕಕ್ಕೂ ಸಂಬಂಧವಿಲ್ಲ.

ಬ್ಯಾಂಕಿನ ಪಾಲು

ಕಾರ್ಡಿನಲ್ಲಿ ವಿದೇಶಿ ವಹಿವಾಟು ಚಾಲೂ ಇರಬೇಕು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಷ್ಟೇ ನಡೆಯುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟಿನ ಗುಂಡಿಯನ್ನು ನೀವೇ ಒತ್ತಿ, ಒಂದು ಮಿತಿ ಇಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿಬಿಡಿ. ವಿದೇಶಿ ತಾಣಗಳು ಅನೇಕ ಸಲ ಒಟಿಪಿ ಕೇಳದೆಯೇ ಹಣ ಎಳೆಯುತ್ತವೆ. ಆದ್ದರಿಂದ ಮುಚ್ಚುವುದನ್ನು ಮರೆಯಬಾರದು.

ಡಾಲರಿನಲ್ಲಿ ಹಣ ಕಟ್ಟಿದಾಗ ಬ್ಯಾಂಕು ಎರಡು ಹಂತದಲ್ಲಿ ಲೆಕ್ಕ ಹಾಕುತ್ತದೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲದ ದರದಲ್ಲಿ ಡಾಲರನ್ನು ಮೊದಲು ರೂಪಾಯಿಗೆ ತಿರುಗಿಸುತ್ತದೆ. ಅನೇಕ ಸಲ ಇದು ನೀವು ಕೊಂಡ ದಿನದ ದರ ಆಗಿರುವುದಿಲ್ಲ. ಒಂದೆರಡು ದಿನದ ಮೇಲೆ ಲೆಕ್ಕ ಚುಕ್ತಾ ಆಗುವ ದಿನದ ದರ ಆಗಿರುತ್ತದೆ. ಆಮೇಲೆ ಆ ರೂಪಾಯಿ ಮೊತ್ತದ ಮೇಲೆ ವಿದೇಶಿ ಕರೆನ್ಸಿ ಮಾರ್ಕಪ್ ಹಾಕುತ್ತದೆ. ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ಇದು 3.5% ಇರುವುದುಂಟು. ಈ ಮಾರ್ಕಪ್ ಮೇಲೆ 18% ಜಿಎಸ್‌ಟಿ ಇರುವುದರಿಂದ ಕೈಬಿಟ್ಟು ಹೋಗುವ ಹಣ 4.13% ಆಗುತ್ತದೆ. ಮಾರ್ಕಪ್ ಕಡಿಮೆ ಇರುವ, ಇಲ್ಲವೇ ಇಲ್ಲದ ಕಾರ್ಡುಗಳೂ ಇವೆ. ನಿಮ್ಮ ಕಾರ್ಡಿನದ್ದು ಎಷ್ಟೆಂಬುದು ಕಾರ್ಡಿನ ಜತೆ ಬಂದ ಶುಲ್ಕಪಟ್ಟಿಯಲ್ಲಿ ಬರೆದಿರುತ್ತದೆ.

ನಮ್ಮ ಗ್ರೈಂಡರ್‌ಗೆ ಬರೋಣ. 124 ಡಾಲರಿಗೆ 90ರಂತೆ 11,160 ರೂಪಾಯಿ. ಮಾರ್ಕಪ್ 391, ಅದರ ಮೇಲಿನ ಜಿಎಸ್‌ಟಿ 70. ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ಹೋಗುವುದು 11,621 ರೂಪಾಯಿ. ಮಾರ್ಕಪ್ ಮತ್ತು ಜಿಎಸ್‌ಟಿ ಕೆಲವೊಮ್ಮೆ ಬೇರೆ ಸಾಲುಗಳಲ್ಲಿ, ಕೆಲವು ದಿನ ಬಿಟ್ಟು ಬರುವುದರಿಂದ ಅವನ್ನು ಇದೇ ಖರೀದಿಯ ಭಾಗವೆಂದು ಅನೇಕರು ಗುರುತಿಸುವುದೇ ಇಲ್ಲ.

ಇಲ್ಲೇ ಒಂದು ಬಲೆ ಇದೆ. ಕಾರ್ಡಿನ ಸಂಖ್ಯೆ ಹಾಕಿದೊಡನೆ ಕೆಲವು ತಾಣಗಳು "ನಿಮ್ಮದೇ ರೂಪಾಯಿಯಲ್ಲಿ ಕಟ್ಟಿ" ಎಂದು ಒಂದು ಮೊತ್ತ ತೋರಿಸುತ್ತವೆ. ಎಷ್ಟು ಹೋಗುತ್ತದೆ ಎಂದು ಖಚಿತವಾಗಿ ಗೊತ್ತಾಗುತ್ತದಲ್ಲ ಎಂದು ಜನ ಅದನ್ನೇ ಒತ್ತುತ್ತಾರೆ. ಅಲ್ಲಿ ರೂಪಾಯಿಗೆ ತಿರುಗಿಸುವವರು ಮಾರಾಟಗಾರನ ಕಡೆಯವರು, ದರ ಅವರಿಷ್ಟದ್ದು. ನಮ್ಮ 124 ಡಾಲರಿಗೆ ಆ ಪುಟ 11,780 ರೂಪಾಯಿ ತೋರಿಸಿತೆನ್ನಿ. 124ರಿಂದ ಭಾಗಿಸಿದರೆ ಡಾಲರಿಗೆ 95 ಬಿತ್ತು. ಇನ್ನೂ ಒಂದು ಮಾತು. ಮಾರಾಟಗಾರ ವಿದೇಶದಲ್ಲಿ ನೋಂದಾಯಿಸಿಕೊಂಡಿದ್ದರೆ, ರೂಪಾಯಿಯಲ್ಲಿ ಕಟ್ಟಿದರೂ ನಮ್ಮ ಅನೇಕ ಬ್ಯಾಂಕುಗಳು 1% ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಇಲ್ಲಿ ಅದು 139 ರೂಪಾಯಿ. ಒಟ್ಟು 11,919. ಡಾಲರಿನಲ್ಲೇ ಕಟ್ಟಿ 3.5% ಮಾರ್ಕಪ್ ತೆತ್ತಿದ್ದಕ್ಕಿಂತ ಸುಮಾರು 300 ರೂಪಾಯಿ ಹೆಚ್ಚು. ರೂಪಾಯಿಯ ಆಯ್ಕೆ ಕಂಡಾಗ ಮೊದಲು ಭಾಗಿಸಿ ದರ ನೋಡಿ. ಬಹುಪಾಲು ಸಂದರ್ಭಗಳಲ್ಲಿ ಮಾರಾಟಗಾರನ ಕರೆನ್ಸಿಯೇ ಲೇಸು.

ಕಸ್ಟಮ್ಸ್ ಲೆಕ್ಕ ಎಲ್ಲಿಂದ ಶುರುವಾಗುತ್ತದೆ

ಸಣ್ಣ ಮೊತ್ತದ ಖರೀದಿಗೆ ಸುಂಕವಿಲ್ಲ ಎಂಬ ನಂಬಿಕೆ ಇನ್ನೂ ಉಳಿದಿದೆ. ಕೆಲವು ದೇಶಗಳಲ್ಲಿ ಅಂಥ ವಿನಾಯಿತಿ ಇದೆ, ಇತ್ತು. ಭಾರತದಲ್ಲಿ ಹಣ ಕೊಟ್ಟು ತರಿಸಿದ ವಸ್ತುವಿಗೆ ಅಂಥ ಮಿತಿಯಿಲ್ಲ. "ಉಡುಗೊರೆ ಎಂದು ಬರೆಯಲು ಹೇಳಿ" ಎಂಬ ಹಳೆಯ ಸಲಹೆಯೂ ಈಗ ಅಪಾಯದ್ದು. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅಂಚೆ ಮತ್ತು ಕೊರಿಯರ್ ಮೂಲಕ ಬರುವ ಉಡುಗೊರೆಗಳ ಆಮದನ್ನು ನಿಷೇಧಿಸಿತು. ಇ-ವಾಣಿಜ್ಯ ತಾಣಗಳಲ್ಲಿ ಕೊಂಡವೂ ಅದರಲ್ಲಿ ಸೇರಿವೆ. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಬೆಲೆಯನ್ನು ಕಡಿಮೆ ನಮೂದಿಸಲು ಮಾರಾಟಗಾರನನ್ನು ಕೇಳುವುದೂ ಬೇಡ. ಅಧಿಕಾರಿ ಅದೇ ತಾಣ ತೆರೆದು ಬೆಲೆ ನೋಡುವುದು ಕಷ್ಟದ ಕೆಲಸವಲ್ಲ. ತಪ್ಪು ಘೋಷಣೆಗೆ ಕಸ್ಟಮ್ಸ್ ಕಾಯ್ದೆಯಡಿ ವಸ್ತುವನ್ನು ಮುಟ್ಟುಗೋಲು ಹಾಕಿ ದಂಡ ವಿಧಿಸಬಹುದು. ದಾರಿಯಲ್ಲಿ ಕಳೆದರೆ ವಿಮೆಯೂ ಬರೆದ ಬೆಲೆಗಷ್ಟೇ ಸಿಗುತ್ತದೆ.

ಸುಂಕ ಬೀಳುವುದು ವಸ್ತುವಿನ ಬೆಲೆಯೊಂದರ ಮೇಲಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ. ಇದಕ್ಕೆ ನಿರ್ಧರಣಾ ಮೌಲ್ಯ ಎನ್ನೋಣ. ಆದರೆ 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮದಲ್ಲಿ ಕೊಳ್ಳುವವರಿಗೆ ಅನುಕೂಲದ ಒಂದು ಅಂಶವಿದೆ. ವಿಮಾನದಲ್ಲಿ ಬಂದ ವಸ್ತುವಿನ ಸಾಗಣೆ ವೆಚ್ಚವನ್ನು ವಸ್ತುವಿನ ಬೆಲೆಯ 20%ಗಿಂತ ಹೆಚ್ಚಾಗಿ ಸೇರಿಸುವಂತಿಲ್ಲ. ನೀವು ಸಾಗಣೆಗೆ ಎಷ್ಟೇ ತೆತ್ತಿರಲಿ, ಸುಂಕದ ಲೆಕ್ಕಕ್ಕೆ ಮಿತಿ ಅಷ್ಟೇ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಬೆಲೆಯ 1.125% ಸೇರಿಸುತ್ತಾರೆ.

ಗ್ರೈಂಡರ್‌ಗೆ ನಾವು ತೆತ್ತ ಸಾಗಣೆ 24 ಡಾಲರ್. ಕಸ್ಟಮ್ಸ್ ಲೆಕ್ಕಕ್ಕೆ ಬರಬೇಕಾದದ್ದು 20. ವಿಮೆ 1.125. ಒಟ್ಟು 121.125 ಡಾಲರ್. ಇದನ್ನು ರೂಪಾಯಿಗೆ ತಿರುಗಿಸುವ ದರ ಬ್ಯಾಂಕಿನದ್ದಲ್ಲ. ಕಸ್ಟಮ್ಸ್‌ಗೆಂದೇ ಬೇರೆ ವಿನಿಮಯ ದರ ನಿಗದಿಯಾಗುತ್ತದೆ. 2024ರ ಜುಲೈನಿಂದ ಅದು ಐಸ್‌ಗೇಟ್ ತಾಣದಲ್ಲಿ ತಿಂಗಳಿಗೆ ಎರಡು ಸಲ ಪ್ರಕಟವಾಗುತ್ತಿದೆ. ಅಲ್ಲಿ ಆಮದಿಗೊಂದು, ರಫ್ತಿಗೊಂದು ದರ ಇರುತ್ತದೆ. ನಮಗೆ ಬೇಕಾದದ್ದು ಆಮದಿನದ್ದು. ಅದು 91 ಎಂದಿಟ್ಟುಕೊಂಡರೆ ನಿರ್ಧರಣಾ ಮೌಲ್ಯ 11,022 ರೂಪಾಯಿ.

ಈಗ ತೆರಿಗೆ. ಅದು ಒಂದರ ಮೇಲೊಂದು ಕೂರುತ್ತದೆ. ಮೊದಲಿಗೆ ಮೂಲ ಕಸ್ಟಮ್ಸ್ ಸುಂಕ. ಅದರ ಮೇಲೆ, ಅನ್ವಯಿಸುವ ವಸ್ತುಗಳಿಗೆ, ಆ ಸುಂಕದ ಹತ್ತರಲ್ಲೊಂದು ಪಾಲು ಸಮಾಜ ಕಲ್ಯಾಣ ಸರ್‌ಚಾರ್ಜ್. ಕೊನೆಗೆ ಇವೆಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ದರಗಳು ಪ್ರತಿ ಬಜೆಟ್ಟಿನಲ್ಲೂ ಬದಲಾಗಬಹುದು. ವೈಯಕ್ತಿಕ ಬಳಕೆಗೆ ತರಿಸುವ ವಸ್ತುಗಳಿಗೆ ಸುಂಕಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಅದರ ಮೂಲ ಸುಂಕವನ್ನು 20%ರಿಂದ 10%ಗೆ ಇಳಿಸುವುದಾಗಿ 2026ರ ಬಜೆಟ್ ಹೇಳಿತು. ಮೂಲ ಸುಂಕ 10%, ಸರ್‌ಚಾರ್ಜ್ ಅದರ ಹತ್ತರಲ್ಲೊಂದು, ಐಜಿಎಸ್‌ಟಿ 18% ಎಂದು ಹಿಡಿದು ಲೆಕ್ಕದ ದಾರಿ ನೋಡೋಣ. ನೀವು ಕೊಳ್ಳುವ ದಿನ ಈ ಮೂರೂ ಅಂಕಿಗಳನ್ನು ನಿಮ್ಮ ವಸ್ತುವಿಗೆ ತಕ್ಕಂತೆ ಸರಿ ನೋಡಿಕೊಂಡು ಹಾಕಿಕೊಳ್ಳಿ.

11,022ರ ಮೇಲೆ ಮೂಲ ಸುಂಕ 1,102. ಸರ್‌ಚಾರ್ಜ್ 110. ಮೂರನ್ನೂ ಕೂಡಿದರೆ ಸುಮಾರು 12,235. ಅದರ ಮೇಲೆ 18% ಅಂದರೆ 2,202. ಕಸ್ಟಮ್ಸ್‌ಗೆ ಹೋಗುವುದು ಒಟ್ಟು 3,415 ರೂಪಾಯಿ. ಹತ್ತು ಮತ್ತು ಹದಿನೆಂಟು ಕೂಡಿ ಇಪ್ಪತ್ತೆಂಟು ಎಂದುಕೊಂಡವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ. ತೆರಿಗೆಯ ಮೇಲೆ ತೆರಿಗೆ ಬೀಳುವುದರಿಂದ ನಿಜವಾದ ಭಾರ ನಿರ್ಧರಣಾ ಮೌಲ್ಯದ ಸುಮಾರು 31%.

ಕೊರಿಯರ್ ಕೇಳುವ ಇನ್ನೊಂದು ಮೊತ್ತ

ಖಾಸಗಿ ಕೊರಿಯರ್ ಕಂಪನಿ ನಿಮ್ಮ ಪರವಾಗಿ ಕಸ್ಟಮ್ಸ್‌ನಲ್ಲಿ ಕಾಗದಪತ್ರ ಸಲ್ಲಿಸಿ, ಹೆಚ್ಚಾಗಿ ಸುಂಕವನ್ನು ತಾನೇ ಮೊದಲು ಕಟ್ಟಿ, ಆಮೇಲೆ ನಿಮ್ಮಿಂದ ಪಡೆಯುತ್ತದೆ. ಆ ಕೆಲಸಕ್ಕೆ ಅದಕ್ಕೊಂದು ಶುಲ್ಕ, ಶುಲ್ಕದ ಮೇಲೆ ಜಿಎಸ್‌ಟಿ. ಮೊತ್ತ ಕಂಪನಿಯಿಂದ ಕಂಪನಿಗೆ ಬೇರೆ. ಅವರ ಭಾರತದ ತಾಣದಲ್ಲಿ ಶುಲ್ಕಪಟ್ಟಿ ಇರುತ್ತದೆ. ಇಲ್ಲಿ 600 ರೂಪಾಯಿ ಎಂದು ಹಿಡಿದರೆ ಜಿಎಸ್‌ಟಿ ಸೇರಿ 708.

ಈಗ ಮೂರು ಮೊತ್ತಗಳನ್ನೂ ಕೂಡಿ. ಕಾರ್ಡಿಗೆ 11,621, ಸುಂಕ 3,415, ಕೊರಿಯರ್ 708. ಒಟ್ಟು 15,744 ರೂಪಾಯಿ. ಪರದೆಯ ಮೇಲೆ ಕಂಡ 9,000 ಮುಕ್ಕಾಲು ಪಟ್ಟು ಬೆಳೆಯಿತು. ಇಲ್ಲಿನ ಅಂಗಡಿಯ 15,500 ಅದಕ್ಕಿಂತ ಕಡಿಮೆ. ಅದರ ಜತೆ ಇಲ್ಲಿಯೇ ಸಿಗುವ ವಾರಂಟಿ, ಬಿಲ್ಲು, ಜಗಳವಾಡಲು ಒಬ್ಬ ಮಾರಾಟಗಾರನೂ ಇದ್ದಾನೆ.

ಈ ಲೆಕ್ಕದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಶೇಕಡಾವಾರು ತೆರಿಗೆಯಲ್ಲ, ವಸ್ತುವಿನ ಬೆಲೆಗೆ ಸಂಬಂಧವಿಲ್ಲದ ವೆಚ್ಚ. ಅದೇ ಗ್ರೈಂಡರ್‌ನ ಒಂದು ಬಿಡಿಭಾಗ 10 ಡಾಲರ್ ಎನ್ನಿ. ಸಾಗಣೆ ಅದೇ 24. ಕಾರ್ಡಿಗೆ 34 ಡಾಲರಿನಂತೆ ಮಾರ್ಕಪ್ ಸೇರಿ 3,186 ರೂಪಾಯಿ. ಸುಂಕ 341 ಮಾತ್ರ. ಕೊರಿಯರ್ ಶುಲ್ಕ ಅದೇ 708. ಒಟ್ಟು 4,235. ಅಂದರೆ 900 ರೂಪಾಯಿಯ ವಸ್ತುವಿಗೆ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಜನ ಸುಂಕವನ್ನು ಬಯ್ಯುತ್ತಾರೆ. ಇಲ್ಲಿ ಸುಂಕದ ಪಾಲು ಹತ್ತರಲ್ಲೊಂದೂ ಇಲ್ಲ. ಆದ್ದರಿಂದ ಬಿಡಿಭಾಗ ಬೇಕಾಗಬಹುದಾದರೆ ಮೊದಲ ಪಾರ್ಸೆಲ್‌ನಲ್ಲೇ ತರಿಸಿ. ಆದರೆ ಒಂದೇ ವಸ್ತುವನ್ನು ಹಲವು ತರಿಸಿದರೆ ಅದು ವೈಯಕ್ತಿಕ ಬಳಕೆಯಾಗಿ ಕಾಣುವುದಿಲ್ಲ. ಆಗ ವ್ಯಾಪಾರದ ಆಮದಿಗೆ ಬೇಕಾದ ಐಇಸಿ ಸಂಖ್ಯೆಯನ್ನು ಕೇಳಬಹುದು.

ಆತುರವಿಲ್ಲದಿದ್ದರೆ ಅಂಚೆಯ ದಾರಿಯೂ ಇದೆ. ವಿದೇಶಿ ಪಾರ್ಸೆಲ್‌ಗಳು ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಕಣ್ಣಿಗೆ ಬಿದ್ದು, ಸುಂಕ ನಿಗದಿಯಾಗಿ, ನಿಮ್ಮೂರಿನ ಅಂಚೆಯವರ ಕೈಸೇರುತ್ತವೆ. ಸುಂಕ ಕಟ್ಟಿ ಪಾರ್ಸೆಲ್ ಬಿಡಿಸಿಕೊಳ್ಳಬೇಕು. ನಿಧಾನ, ಟ್ರ್ಯಾಕಿಂಗ್ ಮಂಕು. ಆದರೆ ಒಡೆಯದ, ಕೆಡದ, ಕಡಿಮೆ ಬೆಲೆಯ ವಸ್ತುಗಳಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಲೆಕ್ಕ ತಪ್ಪಿದರೆ ಹಿಡಿಯುವುದು ಹೇಗೆ

ಪಾರ್ಸೆಲ್ ಭಾರತ ತಲುಪಿದಾಗ ಕೊರಿಯರ್‌ನವರು ಗುರುತಿನ ದಾಖಲೆ, ಅಂದರೆ ಆಧಾರ್, ಪಾಸ್‌ಪೋರ್ಟ್‌ನಂಥದ್ದನ್ನು ಕೇಳುತ್ತಾರೆ. ಕೆಲವೊಮ್ಮೆ ಹಣ ಕಟ್ಟಿದ ಪುರಾವೆಯನ್ನೂ ಕೇಳುತ್ತಾರೆ. ಹಾಗಾಗಿ ತಾಣದ ಬಿಲ್ಲು ಮತ್ತು ಕಾರ್ಡಿನ ಸ್ಟೇಟ್‌ಮೆಂಟ್ ಎರಡನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ವಸ್ತುವಿನ ಬೆಲೆ ಮತ್ತು ಸಾಗಣೆ ವೆಚ್ಚ ಬೇರೆ ಬೇರೆ ಸಾಲಿನಲ್ಲಿರಬೇಕು. ಎರಡೂ ಸೇರಿ 124 ಎಂದಷ್ಟೇ ಇದ್ದರೆ ಪೂರ್ತಿ 124ನ್ನು ವಸ್ತುವಿನ ಬೆಲೆಯೆಂದೇ ಹಿಡಿದು ಅದರ ಮೇಲೆ ಮತ್ತೆ 20% ಸಾಗಣೆ ಸೇರಿಸುವ ಸಾಧ್ಯತೆ ಇದೆ.

ಸುಂಕದ ಮೊತ್ತ ನಿಮ್ಮ ಅಂದಾಜಿಗಿಂತ ತುಂಬ ಹೆಚ್ಚಾಗಿದ್ದರೆ ಹಣ ಕಟ್ಟುವ ಮುನ್ನ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ. ಅದರಲ್ಲಿ ನಾಲ್ಕು ಸಾಲುಗಳನ್ನು ನೋಡಿದರೆ ಸಾಕು: ಕರೆನ್ಸಿ, ವಿನಿಮಯ ದರ, ಸಾಗಣೆ ಎಂದು ಸೇರಿಸಿದ ಮೊತ್ತ, ವಸ್ತುವನ್ನು ಘೋಷಿಸಿದ ಶೀರ್ಷಿಕೆಯ ಸಂಖ್ಯೆ. ಕೆನಡಾದ ಡಾಲರನ್ನು ಅಮೆರಿಕದ ಡಾಲರೆಂದು ಬರೆದರೆ ಸುಂಕ ಎಷ್ಟು ಏರುತ್ತದೆಂದು ಊಹಿಸಿ. ಶೀರ್ಷಿಕೆ ಬೇರೆಯಾದರೆ ದರವೇ ಬೇರೆ. ಬಿಡುಗಡೆಗೆ ಮುನ್ನ ಇಮೇಲ್‌ನಲ್ಲಿ ಆಕ್ಷೇಪಣೆ ಬರೆದರೆ ತಿದ್ದುವುದು ಸುಲಭ. ಕಟ್ಟಿದ ಸುಂಕವನ್ನು ವಾಪಸು ಪಡೆಯುವುದು ದೀರ್ಘ ಕೆಲಸ.

ಪಾರ್ಸೆಲ್ ಕಾಯುತ್ತಿರುವವರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ. "ಸುಂಕ ಬಾಕಿ ಇದೆ" ಎಂದು ಎಸ್‌ಎಂಎಸ್‌ನಲ್ಲಿ ಬಂದ ಲಿಂಕನ್ನು ಒತ್ತಬೇಡಿ. ಕೊರಿಯರ್ ಕಂಪನಿಯ ತಾಣವನ್ನು ನೀವೇ ತೆರೆದು, ಟ್ರ್ಯಾಕಿಂಗ್ ಸಂಖ್ಯೆಯನ್ನು ನೀವೇ ಹಾಕಿ, ಅಲ್ಲಿ ತೋರಿದ ಮೊತ್ತವನ್ನು ಮಾತ್ರ ಕಟ್ಟಿ. ಯಾರದೋ ಸ್ವಂತ ಖಾತೆಗೆ ಸುಂಕ ಕಟ್ಟುವ ಪದ್ಧತಿ ಕಸ್ಟಮ್ಸ್‌ನಲ್ಲಿ ಇಲ್ಲವೇ ಇಲ್ಲ.

ವಸ್ತು ಒಡೆದೋ ಅಳತೆ ತಪ್ಪಿಯೋ ವಾಪಸು ಕಳುಹಿಸಬೇಕಾಗಿ ಬಂದರೆ ಏನಾಗುತ್ತದೆಂದು ಕೊಳ್ಳುವ ಮುನ್ನವೇ ಯೋಚಿಸಿ. ಮಾರಾಟಗಾರ 100 ಡಾಲರ್ ಮರಳಿಸಬಹುದು. ಅದು ರೂಪಾಯಿಯಾಗುವುದು ಮರಳಿಸಿದ ದಿನದ ದರದಲ್ಲಿ. ಮಾರ್ಕಪ್ ಸಾಮಾನ್ಯವಾಗಿ ಬ್ಯಾಂಕಿನಲ್ಲೇ ಉಳಿಯುತ್ತದೆ. ಬಂದ ಸಾಗಣೆ, ಹೋಗುವ ಸಾಗಣೆ, ಕೊರಿಯರ್ ಶುಲ್ಕ ಮೂರೂ ನಿಮ್ಮವೇ. ದೋಷವಿದ್ದ ವಸ್ತುವಿನ ಸುಂಕ ಮರಳಿಸಲು ಕಸ್ಟಮ್ಸ್ ಕಾಯ್ದೆಯ 26ಎ ಕಲಮಿನಲ್ಲಿ ಅವಕಾಶವಿದೆ. ಆದರೆ ಬಿಡುಗಡೆಯಾದ 30 ದಿನಗಳೊಳಗೆ ಅದನ್ನು ರಫ್ತು ಮಾಡಿರಬೇಕು, ಇಲ್ಲವೇ ಹಕ್ಕು ಬಿಟ್ಟುಕೊಟ್ಟಿರಬೇಕು ಎಂಬಂಥ ಷರತ್ತುಗಳಿವೆ. ಒಂದು ಗ್ರೈಂಡರ್‌ಗಾಗಿ ಅಷ್ಟು ಓಡಾಡುವವರು ಅಪರೂಪ. ಚಪ್ಪಲಿ, ಬಟ್ಟೆ, ಗಾಜಿನ ಸಾಮಾನು, ಹೀಗೆ ಮರಳಿಸುವ ಸಂಭವ ಹೆಚ್ಚಿರುವ ಯಾವುದನ್ನೂ ಹೊರದೇಶದಿಂದ ತರಿಸಬೇಡಿ. ಉಳಿದ ವಸ್ತುಗಳಿಗೆ, ಎಲ್ಲ ಸೇರಿಸಿದ ಮೊತ್ತ ಇಲ್ಲಿನ ಬೆಲೆಗಿಂತ ಕನಿಷ್ಠ 15% ಕಡಿಮೆ ಇದ್ದರೆ ಮಾತ್ರ ಹೊರಗಿನಿಂದ ಕೊಳ್ಳಿ. ಅದಕ್ಕಿಂತ ಕಡಿಮೆ ಉಳಿತಾಯವನ್ನು ವಿನಿಮಯ ದರದ ಒಂದು ಏರಿಳಿತವೇ ನುಂಗಿಬಿಡುತ್ತದೆ.